ಕೆಂಪು ಪಟ್ಟೆ ಕಂಡ್ರೆ ಆಕ್ಸಿಜನ್ ಇತ್ತು ಅಂತಾನಾ?

ಪ್ರಶ್ನೆ: ಮೇಡಂ, ಬ್ಯಾಂಡೆಡ್ ಐರನ್, ಅಂದ್ರೆ ಕಬ್ಬಿಣದ ಪಟ್ಟೆಪಟ್ಟೆ ಕಲ್ಲುಗಳು, ಹಳೇ ಸಮುದ್ರಕ್ಕೆ ಆಕ್ಸಿಜನ್ ಬಂದಿದ್ದಕ್ಕೆ ಸಾಕ್ಷಿ ಅಂತ ಎಲ್ಲಾ ಕಡೆ ಓದ್ತೀನಿ. ಆದ್ರೆ ಗ್ರೀನ್‌ಲ್ಯಾಂಡ್‌ನ ಇಸುವಾದಲ್ಲಿ 370 ಕೋಟಿ ವರ್ಷ ಹಳೇದೂ ಇದೆಯಂತೆ, ಗಾಳೀಲಿ ಆಕ್ಸಿಜನ್ ನಿಂತಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಹಾಗಾದ್ರೆ ಅದಕ್ಕೂ ಮುಂಚೆ ಕಬ್ಬಿಣಕ್ಕೆ ತುಕ್ಕು ಹಿಡಿಸಿದ್ದು ಯಾರು?

ಉತ್ತರ (ಭೂವಿಜ್ಞಾನಿ): ಬರೀ ಕಬ್ಬಿಣ ನೋಡಿ ಅದನ್ನ ಹೇಳೋಕೆ ಆಗಲ್ಲ, ನಿಜವಾದ ತೊಡಕು ಇರೋದೇ ಅಲ್ಲಿ. ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳಿಂದ ಬಂದ ಕಬ್ಬಿಣ ಆಕ್ಸಿಜನ್ ಇಲ್ಲದ ನೀರಲ್ಲಿ ಫೆರಸ್ ಆಗಿ ಕರಗಿಕೊಂಡೇ ಇರತ್ತೆ, ಎಷ್ಟು ದೂರ ಬೇಕಾದ್ರೂ ಹೋಗತ್ತೆ. ಅದರಿಂದ ಒಂದು ಎಲೆಕ್ಟ್ರಾನ್ ಯಾರಾದ್ರೂ ಕಿತ್ಕೊಂಡ್ರೆ ಸಾಕು, ಫೆರಿಕ್ ಆಗಿ ತಳಕ್ಕೆ ಕೂರತ್ತೆ. ಆ ಕಿತ್ಕೊಂಡೋರು ಯಾರು ಅನ್ನೋದಕ್ಕೆ ಎರಡು ದಾರಿ ನೋಡಿ:

```
4Fe²⁺ + O₂ + 10H₂O → 4Fe(OH)₃ + 8H⁺
4Fe²⁺ + CO₂ + 11H₂O + ಬೆಳಕು → CH₂O + 4Fe(OH)₃ + 8H⁺
```

ಮೊದಲನೇದ್ರಲ್ಲಿ ಸಯನೋಬ್ಯಾಕ್ಟೀರಿಯಾ ಬಿಟ್ಟ ಆಕ್ಸಿಜನ್ ಕೆಲಸ ಮಾಡತ್ತೆ. ಎರಡನೇದ್ರಲ್ಲಿ ಆಕ್ಸಿಜನ್ ಇಲ್ವೇ ಇಲ್ಲ, ಬ್ಯಾಕ್ಟೀರಿಯಾನೇ ಬೆಳಕು ಹಿಡ್ಕೊಂಡು ಕಬ್ಬಿಣದಿಂದ ನೇರವಾಗಿ ಎಲೆಕ್ಟ್ರಾನ್ ತಗೊಳತ್ತೆ. ಇಂಥ ಬ್ಯಾಕ್ಟೀರಿಯಾ ಇವತ್ತೂ ಬದುಕಿವೆ, 1993ರಲ್ಲಿ ಜರ್ಮನಿಯ ವಿಡ್ಡೆಲ್ ತಂಡ ತೋರಿಸ್ತು. ಎರಡೂ ಕಡೆ ಬರೋ ತುಕ್ಕು ಒಂದೇ, ಆದ್ದರಿಂದ ಇಸುವಾದ ಕಲ್ಲಿಗೆ ಎರಡನೇ ದಾರಿ ಸಾಕಾಗಬಹುದು.

ಕೆಮಿಸ್ಟ್ರಿ ಓದಿದ ಒಬ್ಬರು: ಬ್ಯಾಕ್ಟೀರಿಯಾನೂ ಬೇಡ ಅಲ್ವಾ, ಆಗ ಓಝೋನ್ ಇರಲಿಲ್ಲ, ಅಲ್ಟ್ರಾವೈಲೆಟ್ ಬೆಳಕೇ ಎಲೆಕ್ಟ್ರಾನ್ ಕಿತ್ತು ಹಾಕತ್ತೆ. ಲ್ಯಾಬಲ್ಲಿ ಆಗಿದೆ.

ಉತ್ತರ: ಬರೀ ನೀರಲ್ಲಿ ಕಬ್ಬಿಣ ಮಾತ್ರ ಕರಗಿಸಿದ್ರೆ ನಿಮ್ಮ ಮಾತು ಸರಿ. ಆದ್ರೆ ಆಗಿನ ಸಮುದ್ರದಲ್ಲಿ ಸಿಲಿಕಾ, ಬೈಕಾರ್ಬೊನೇಟ್ ತುಂಬಾ ಇತ್ತು. ಅದನ್ನೆಲ್ಲಾ ಸೇರಿಸಿ 2007ರಲ್ಲಿ ಕೊನ್‌ಹೌಸರ್ ತಂಡ ಮಾಡಿದ ಪ್ರಯೋಗದಲ್ಲಿ, ಬೆಳಕು ಕೆಲಸ ಮಾಡೋಕೆ ಮುಂಚೇನೇ ಕಬ್ಬಿಣ ಸಿಲಿಕೇಟು, ಕಾರ್ಬೊನೇಟು ಆಗಿ ಕೂತುಬಿಡ್ತು, ಅಲ್ಟ್ರಾವೈಲೆಟ್ ಪಾಲು ಲೆಕ್ಕಕ್ಕೇ ಸಿಗಲಿಲ್ಲ.

ಇನ್ನೊಬ್ಬ ಮೆಂಬರ್: ನನ್ ಹತ್ರ ಆಸ್ಟ್ರೇಲಿಯಾದ ಟೈಗರ್ ಐರನ್ ಪೆಂಡೆಂಟ್ ಇದೆ, ಕೆಂಪು ಕಪ್ಪು ಚಿನ್ನದ ಬಣ್ಣದ ಪಟ್ಟೆ. ಕೆಂಪು ಅಂದ್ರೆ ಆಕ್ಸಿಜನ್ ಇದ್ದ ವರ್ಷ, ಕಪ್ಪು ಅಂದ್ರೆ ಇಲ್ಲದ ವರ್ಷ, ಅಲ್ವಾ? ಎಣಿಸಿದ್ರೆ ವಯಸ್ಸು ಸಿಗತ್ತಾ?

ಉತ್ತರ: ಇಲ್ಲ, ಪಟ್ಟೆ ಎಣಿಸಿ ವರ್ಷ ಹೇಳೋಕೆ ಆಗಲ್ಲ. ನಾವು ನೋಡ್ತಿರೋ ಬಣ್ಣ ಸಮುದ್ರದ ಆ ದಿನದ ಬಣ್ಣ ಅಲ್ಲ. ತುಕ್ಕಿನ ಜೊತೆ ಸತ್ತ ಜೀವಕೋಶಗಳೂ ತಳಕ್ಕೆ ಬೀಳ್ತಿದ್ವು, ಕೆಸರಿನ ಒಳಗೆ ಬೇರೆ ಬ್ಯಾಕ್ಟೀರಿಯಾ ಆ ಜೈವಿಕ ಇಂಗಾಲ ತಿಂದು ಎಲೆಕ್ಟ್ರಾನ್‌ಗಳನ್ನ ತಿರುಗಿ ಫೆರಿಕ್ ಕಬ್ಬಿಣಕ್ಕೇ ಕೊಟ್ಟವು, ಹಾಗಾಗಿ ಸ್ವಲ್ಪ ಕಬ್ಬಿಣ ಮತ್ತೆ ಫೆರಸ್ ಆಗಿ ಮ್ಯಾಗ್ನೆಟೈಟ್, ಸಿಡರೈಟ್ ಆಯ್ತು. ಮ್ಯಾಗ್ನೆಟೈಟ್ Fe₃O₄ ಅಲ್ಲಿ ಮೂರು ಕಬ್ಬಿಣಕ್ಕೆ ಎರಡು ಫೆರಿಕ್ ಒಂದು ಫೆರಸ್ ಇರೋದೂ ಇದಕ್ಕೆ ಹೊಂದತ್ತೆ. ಈ ಕಲ್ಲಲ್ಲಿ ಜೈವಿಕ ಇಂಗಾಲ ತುಂಬಾ ಕಡಿಮೆ ಉಳಿದಿರೋದಕ್ಕೂ ಇದು ಒಂದು ಕಾರಣ. ಕಪ್ಪು ಪಟ್ಟೆ ಯಾವುದು ಅಂತ ನೋಡ್ಬೇಕಾದ್ರೆ ಪೆಂಡೆಂಟ್ ಹಾಳು ಮಾಡ್ಬೇಡಿ, ಪಾಲಿಶ್ ಮಾಡದ ತುಣುಕು ಸಿಕ್ರೆ ಹೊಳಪಿಲ್ಲದ ಬಿಳಿ ಟೈಲ್ ಮೇಲೆ ಉಜ್ಜಿ: ಕೆಂಪು ಕಂದು ಗೆರೆ ಬಂದ್ರೆ ಹೆಮಟೈಟ್, ಕಪ್ಪು ಗೆರೆ ಬಂದು ಮ್ಯಾಗ್ನೆಟ್ಟೂ ಹಿಡಿದ್ರೆ ಮ್ಯಾಗ್ನೆಟೈಟ್.

ಪ್ರಶ್ನೆ ಕೇಳಿದವರು: ಸರಿ ಮೇಡಂ, ಹಾಗಾದ್ರೆ ಆಕ್ಸಿಜನ್ ಬಂತು ಅಂತ ಈ ಕಲ್ಲಿಂದ ಗೊತ್ತಾಗೋದೇ ಇಲ್ವಾ?

ಉತ್ತರ: ಗೊತ್ತಾಗತ್ತೆ, ಆದ್ರೆ ಕಬ್ಬಿಣದ ಪಕ್ಕದಲ್ಲಿ ಇರೋರನ್ನ ಕೇಳ್ಬೇಕು. ದಕ್ಷಿಣ ಆಫ್ರಿಕಾದ ಹೊಟಾಝೆಲ್ ಫಾರ್ಮೇಶನ್ ತಗೊಳಿ, ಸುಮಾರು 240 ಕೋಟಿ ವರ್ಷದ್ದು. ಅಲ್ಲಿ ಬ್ಯಾಂಡೆಡ್ ಐರನ್ ನಡುವೆ ಮೂರು ದಪ್ಪ ಮ್ಯಾಂಗನೀಸ್ ಪದರ ಇವೆ, ಕಲಹಾರಿ ಮ್ಯಾಂಗನೀಸ್ ಗಣಿಗಳೆಲ್ಲಾ ಅದನ್ನೇ ಅಗೆಯೋದು. ಮ್ಯಾಂಗನೀಸಿಂದ ಎಲೆಕ್ಟ್ರಾನ್ ಕೀಳೋದು ಕಬ್ಬಿಣದಷ್ಟು ಸುಲಭ ಅಲ್ಲ. ಆಕ್ಸಿಜನ್ ಚೂರೇ ಚೂರು ಇದ್ರೆ ಮೊದಲು ಕಬ್ಬಿಣವೇ ಖರ್ಚು ಮಾಡಿಬಿಡತ್ತೆ, ಮ್ಯಾಂಗನೀಸ್ ನೀರಲ್ಲೇ ಉಳಿಯತ್ತೆ. ಹಾಗಾಗಿ ಕಬ್ಬಿಣದ ಪದರದ ಮೇಲೆ ಮ್ಯಾಂಗನೀಸ್ ಕೂತಿದೆ ಅಂದ್ರೆ, ಆ ನೀರಲ್ಲಿ ಕಬ್ಬಿಣ ಹೆಚ್ಚೂಕಮ್ಮಿ ಮುಗಿದು ಆಮೇಲೂ ಆಕ್ಸಿಜನ್ ಮಿಕ್ಕಿತ್ತು ಅಂತ ನಾನು ಓದ್ತೀನಿ. ನನಗಂತೂ ಆಸ್ಟ್ರೇಲಿಯಾದ ಹ್ಯಾಮರ್ಸ್ಲಿಯ ಅಷ್ಟು ದೊಡ್ಡ ಕಬ್ಬಿಣದ ರಾಶಿಗಿಂತ ಇದೇ ಗಟ್ಟಿ ಸಾಕ್ಷಿ.

ಕೆಮಿಸ್ಟ್ರಿ ಓದಿದ ಒಬ್ಬರು: ಕಬ್ಬಿಣಕ್ಕೆ ಬ್ಯಾಕ್ಟೀರಿಯಾ ಇದ್ದ ಹಾಗೆ ಮ್ಯಾಂಗನೀಸಿಗೂ ಇದ್ದಿದ್ರೆ?

ಉತ್ತರ: ಒಳ್ಳೇ ಪ್ರಶ್ನೆ, ಸಯನೋಬ್ಯಾಕ್ಟೀರಿಯಾ ನೀರನ್ನ ಒಡೆಯೋದು ಕಲಿಯೋಕೆ ಮುಂಚೆ ಮ್ಯಾಂಗನೀಸ್ ಬಳಸೋ ಜೀವಿ ಇತ್ತು ಅಂತ ವಾದಿಸೋರು ಇದ್ದಾರೆ, ಜಗಳ ಇನ್ನೂ ಮುಗಿದಿಲ್ಲ. ಅದಕ್ಕೇ ಒಂದೇ ಕಲ್ಲನ್ನ ನಂಬಿ ಕೂರಲ್ಲ, ಅದೇ ಕಾಲದ ಬೇರೆ ಕಲ್ಲಿನ ಗಂಧಕದ ಐಸೋಟೋಪ್ ಜೊತೆ ಇಟ್ಟು ನೋಡ್ತೀವಿ. ಗಾಳೀಲಿ ಆಕ್ಸಿಜನ್ ಇವತ್ತಿನ ಮಟ್ಟದ ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದಾಗ ಮಾತ್ರ ಅದರಲ್ಲಿ ಒಂದು ವಿಚಿತ್ರ ಗುರುತು ಉಳಿಯತ್ತೆ, 240ರಿಂದ 230 ಕೋಟಿ ವರ್ಷದ ಮಧ್ಯೆ ಆ ಗುರುತು ಮಾಯ ಆಗತ್ತೆ. ಹೊಟಾಝೆಲ್ ಸರಿಯಾಗಿ ಆ ಅಂಚಲ್ಲೇ ಬರತ್ತೆ.