ವಿಷಯ: ಹಳೇ ಫೋಟೋದ ಮುಖ ದೊಡ್ಡದು ಮಾಡಿಕೊಡೋದಕ್ಕೆ ಬೋರ್ಡಿನಲ್ಲಿ ಏನಂತ ಬರೆಯಲಿ?

ಸುಮಾ, ತಿಪಟೂರು
ನಮ್ಮೂರಿನ ಒಂದು ಸ್ಟುಡಿಯೋಗೆ ಬೋರ್ಡು ಬರೆದುಕೊಡಬೇಕು. ನಾಳೆ ಸಂಜೆ ಫ್ಲೆಕ್ಸ್ ಪ್ರಿಂಟಿಗೆ ಹೋಗುತ್ತದೆ. ಹಳೇ ಮದುವೆಯ ಗ್ರೂಪ್ ಫೋಟೋದಿಂದ ತೀರಿಕೊಂಡವರ ಮುಖ ತೆಗೆದು, ಎಐನಲ್ಲಿ ದೊಡ್ಡದು ಮಾಡಿ, ಫ್ರೇಮ್ ಹಾಕಿಕೊಡುತ್ತಾರೆ. ‘ಮುಖ ಸ್ಪಷ್ಟಗೊಳಿಸಿ ಕೊಡಲಾಗುವುದು’ ಅಂತ ಬರೆದಿದ್ದೇನೆ. ನಡೆಯುತ್ತಾ?

ನಾಗಭೂಷಣ, ಮೈಸೂರು
‘ಗೊಳಿಸು’ ಹಾವಳಿ ಸಾಕು. ಮೊಗ + ತಿದ್ದು = ಮೊಗದಿದ್ದು. ಮಳೆಗಾಲದ ಹಾಗೇ ಆದೇಶ ಸಂಧಿ. ಮುಗೀತು.

ರೇಷ್ಮಾ, ಹುಬ್ಬಳ್ಳಿ
ಸುಮಾ ಅವರೇ, ವ್ಯಾಕರಣ ಆಮೇಲೆ ನೋಡೋಣ. ‘ಸ್ಪಷ್ಟ’ ಅನ್ನೋದೇ ಸುಳ್ಳು. ನಾನು ಇದೇ ಕೆಲಸ ಮಾಡೋದು. ಗ್ರೂಪ್ ಫೋಟೋದಲ್ಲಿ ಒಂದು ಮುಖ 40 ಪಿಕ್ಸೆಲ್ ಅಗಲ ಇದೆ ಅಂದುಕೊಳ್ಳಿ. ಒಂದು ಕಣ್ಣಿಗೆ ಸಿಗೋದು ಸುಮಾರು 8 ಪಿಕ್ಸೆಲ್. ರೆಪ್ಪೆ ಹೇಗಿತ್ತು ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ. ಎಐ ಅದನ್ನು ಹುಡುಕಿ ತೆಗೆಯೋದಿಲ್ಲ, ತಾನು ಕಲಿತ ಬೇರೆ ಮುಖಗಳಿಂದ ತುಂಬುತ್ತದೆ. ಇಂಥ ಎಷ್ಟೋ ಟೂಲುಗಳು ಕಲಿತದ್ದು ಫ್ಲಿಕರ್‌ನಿಂದ ತೆಗೆದ 70,000 ಫೋಟೋಗಳ ಒಂದೇ ಸಂಗ್ರಹದಿಂದ. ನಮ್ಮ ಅಜ್ಜಿಯರಂಥ ಮುಖ ಅದರಲ್ಲಿ ಎಷ್ಟಿರಬಹುದು, ನೀವೇ ಹೇಳಿ.

ಪ್ರಸನ್ನ, ಬೆಂಗಳೂರು
ಇದಕ್ಕೆ ಸುಲಭದ ಪರೀಕ್ಷೆ ಇದೆ. ಎಐ ಕೊಟ್ಟ ಮುಖವನ್ನು ಮತ್ತೆ 40 ಪಿಕ್ಸೆಲ್ಲಿಗೆ ಇಳಿಸಿ, ಹಳೇದರ ಮೇಲೆ ಇಟ್ಟು ನೋಡಿ. ಹೊಂದಿದರೆ ಮುಖ ಸರಿ ಇದೆ ಅಂತ.

ರೇಷ್ಮಾ
ಅರ್ಧ ಸರಿ. ಹೊಂದದಿದ್ದರೆ ತಪ್ಪು ಅನ್ನೋದು ಖಚಿತ. ಹೊಂದಿದರೆ ಏನೂ ಸಾಬೀತಾಗೋದಿಲ್ಲ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ‘ಪಲ್ಸ್’ ಅನ್ನೋ ಎಐ ಟೂಲು ಬಂತಲ್ಲ, ಅದು ಕೆಲಸ ಮಾಡ್ತಿದ್ದದ್ದೇ ಹಾಗೆ: ಇಳಿಸಿದಾಗ ಹೊಂದುವ ಮುಖವನ್ನು ಹುಡುಕೋದು. ಒಬಾಮಾ ಅವರ ಮಸುಕು ಫೋಟೋ ಕೊಟ್ಟರೆ ಬಿಳಿಯ ಗಂಡಸಿನ ಮುಖ ಬಂತು. ಒಂದೇ ಮಸುಕಿಗೆ ಹೊಂದುವ ಮುಖಗಳು ಲೆಕ್ಕವಿಲ್ಲದಷ್ಟು ಇರುತ್ತವೆ.

ನಾನು ಮಾಡೋದು ಬೇರೆ. ಅದೇ ವ್ಯಕ್ತಿಯ ಇನ್ನೊಂದು ಚೆನ್ನಾದ ಫೋಟೋ ಕೇಳುತ್ತೇನೆ. ಅದನ್ನು ಬೇಕೆಂದೇ 40 ಪಿಕ್ಸೆಲ್ಲಿಗೆ ಇಳಿಸಿ, ಸ್ವಲ್ಪ ಮಸುಕೂ ಮಾಡಿ, ಅದೇ ಟೂಲಿಗೆ ಕೊಡುತ್ತೇನೆ. ಈಗ ಸರಿಯುತ್ತರ ನನ್ನ ಕೈಯಲ್ಲೇ ಇದೆ. ಒಬ್ಬ ಅಜ್ಜಿಯ ಫೋಟೋದಲ್ಲಿ ಹೀಗೆ ನೋಡಿದಾಗ ತುಟಿ ಪಕ್ಕದ ಮಚ್ಚೆ ಹೋಗಿತ್ತು. ಜೋತ ಎಡರೆಪ್ಪೆ ಬಲದ ಸಮಕ್ಕೆ ಬಂದಿತ್ತು. ಎರಡು ಮೂಗುತಿಯಲ್ಲಿ ಒಂದು ಚರ್ಮದಲ್ಲಿ ಕರಗಿತ್ತು. ಫ್ರೇಮಿಗೆ ಹೋಗುವ ಫೋಟೋದಲ್ಲೂ ಅವೇ ಕೆಡುತ್ತವೆ ಅಂತ ಗೊತ್ತಾಯಿತು. ಅಲ್ಲಿ ಎಐ ಬಿಟ್ಟು ಕೈಯಲ್ಲೇ ತಿದ್ದಿದೆ. ಮಸುಕು ಮಾಡದೆ ಬರೀ ಇಳಿಸಿದರೆ ಟೂಲು ನಿಜಕ್ಕಿಂತ ಜಾಣನ ಹಾಗೆ ಕಾಣುತ್ತದೆ, ಅದು ನೆನಪಿರಲಿ.

ಗಿರಿಜಾ, ಶಿವಮೊಗ್ಗ
ನನ್ನ ಫೋನು ತಾನಾಗೇ ಮುಖ ನುಣ್ಣಗೆ ಮಾಡುತ್ತೆ. ಮಗಳ ಮದುವೆ ಫೋಟೋದಲ್ಲಿ ನಾನು ನನ್ನ ತಂಗಿ ಥರ ಇದೀನಿ. ಇದನ್ನು ತೆಗೆಯೋದು ಹೇಗೆ?

ಪ್ರಸನ್ನ
ಗಿರಿಜಮ್ಮ, ಅದು ಬ್ಯೂಟಿ ಫಿಲ್ಟರ್. ಕ್ಯಾಮೆರಾ ಸೆಟಿಂಗ್‌ನಲ್ಲಿ ಸೊನ್ನೆಗೆ ಇಳಿಸಿ. ಇಲ್ಲಿನ ಮಾತು ಬೇರೆ.

ರೇಷ್ಮಾ, ಇನ್ನೊಂದು ಫೋಟೋ ಇಲ್ಲದಿದ್ದರೆ? ಎಷ್ಟೋ ಮನೆಗಳಲ್ಲಿ ಇರೋದೇ ಒಂದು.

ರೇಷ್ಮಾ
ಆಗ ಕಷ್ಟ. ಕೋಡ್‌ಫಾರ್ಮರ್ ಅನ್ನೋ ಮುಖ ತಿದ್ದುವ ಎಐ ಟೂಲಿನಲ್ಲಿ `-w` ಅಂತ ಒಂದು ಸಂಖ್ಯೆ ಕೊಡಬಹುದು. 0 ಕಡೆ ಹೋದಷ್ಟೂ ಮುಖ ಚೆಂದ, 1ರ ಕಡೆ ಹೋದಷ್ಟೂ ಕೊಟ್ಟ ಫೋಟೋಗೆ ಹತ್ತಿರ. 0.3 ಮತ್ತು 0.9ರಲ್ಲಿ ಎರಡು ಸಲ ಮಾಡಿ, ಒಂದರ ಮೇಲೊಂದು ಇಟ್ಟು ಮೇಲಿನದನ್ನು ಒಮ್ಮೆ ಮರೆಮಾಡಿ ಒಮ್ಮೆ ತೋರಿಸಿ ನೋಡಿ. ರೆಪ್ಪೆ, ತುಟಿ ಕುಣಿದರೆ ಅಲ್ಲಿ ಇರೋದು ಹೆಚ್ಚಾಗಿ ಟೂಲಿನ ಊಹೆ. ಆದರೆ ಕುಣಿಯದ್ದೆಲ್ಲ ನಿಜ ಅಂತಲ್ಲ, ಎರಡು ಸಲವೂ ಒಂದೇ ತಪ್ಪು ಮಾಡಬಹುದು. ಕೊನೆಗೆ ಮನೆಯವರೇ ನೋಡಬೇಕು. ಅವರಿಗೆ ಹೊಳೆಯೋ ಹೊಸದನ್ನು ಮೊದಲು ತೋರಿಸಬೇಡಿ. ‘ಮಚ್ಚೆ ಎಲ್ಲಿತ್ತು, ಹಲ್ಲು ಹೇಗಿತ್ತು’ ಅಂತ ಮೊದಲು ಕೇಳಿ ಬರೆದುಕೊಳ್ಳಿ. ಚೆಂದದ ಫೋಟೋ ನೋಡಿದ ಮೇಲೆ ಎಲ್ಲರೂ ‘ಹಾಂ, ಹೀಗೇ ಇದ್ದರು’ ಅಂತಾರೆ.

ನಾಗಭೂಷಣ
ಕೇಳಿದ್ದು ಪದ, ಬಂದದ್ದು ಪಾಠ. ‘ಮೊಗದಿದ್ದು’ ಬಗ್ಗೆ ಯಾರೂ ಮಾತೇ ಆಡಲಿಲ್ಲ. ಸಂಸ್ಕೃತದ ‘ಮುಖ’ವೇ ದ್ರಾವಿಡದಿಂದ ಹೋದದ್ದು ಅನ್ನುವ ವಿದ್ವಾಂಸರಿದ್ದಾರೆ, ಗೊತ್ತಿರಲಿ.

ಪ್ರಸನ್ನ
‘ಮೊಗ’ ಸಂಸ್ಕೃತದ ‘ಮುಖ’ದ ತದ್ಭವ ಅನ್ನುವವರೂ ಇದ್ದಾರೆ, ಅದೂ ಗೊತ್ತಿರಲಿ. ‘ಮೊಗದಿದ್ದು’ ಬೋರ್ಡು ನೋಡಿದರೆ ಜನ ಬ್ಯೂಟಿ ಪಾರ್ಲರ್ ಅಂದುಕೊಳ್ಳುತ್ತಾರೆ.

ಸುಮಾ
ಎಲ್ಲರಿಗೂ ಥ್ಯಾಂಕ್ಸ್. ‘ಹಳೇ ಫೋಟೋ ನೋಡಿ ಹೊಸದಾಗಿ ಬರೆದ ಮುಖ’ ಅಂತ ಓನರಿಗೆ ಹೇಳಿದೆ. ‘ಹಾಗೆ ಬರೆದರೆ ಯಾರು ಬರ್ತಾರೆ ಮೇಡಂ’ ಅಂದರು. ಬೋರ್ಡಿಗೆ ಅವರು ಬಾಯಲ್ಲಿ ಹೇಳೋ ‘ಫೋಟೋ ಟಚಿಂಗ್’ ಸಾಕು ಅಂತಾಯಿತು. ರಸೀತಿಯಲ್ಲಿ ‘ಮಚ್ಚೆ, ಮೂಗುತಿ, ಹಲ್ಲು ಮನೆಯವರು ನೋಡಿ ಒಪ್ಪಿದ ಮೇಲೆ ಪ್ರಿಂಟ್’ ಅಂತ ಒಂದು ಸಾಲು ಸೇರಿಸಿ ಅಂದಿದ್ದೇನೆ. ಇನ್ನೂ ಹೂಂ ಅಂದಿಲ್ಲ.

ನಾಗಭೂಷಣ
ಟಚಿಂಗ್! ಭೇಷ್.