ಪದಚರ್ಚೆ: ಒಂದೇ ಷರತ್ತಿನಲ್ಲಿ ಕಂಪನಿಯ ‘ಗೌಪ್ಯತೆ’ ಮತ್ತು ನೌಕರನ ‘ಗೌಪ್ಯತೆ’

ಮಾನ್ಯರೇ,

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಸಿಬ್ಬಂದಿ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಗ್ರಾಹಕರು ಕೊಟ್ಟ ಡ್ರಾಯಿಂಗ್ ಪ್ರಕಾರ ಎರಕ ಹೊಯ್ದು ಕೊಡುವುದು ನಮ್ಮ ಕೆಲಸ. ಆ ಡ್ರಾಯಿಂಗ್, ಪ್ಯಾಟರ್ನ್ ಮತ್ತು ದರಪಟ್ಟಿಯನ್ನು ಹೊರಗೆ ಬಿಡುವುದಿಲ್ಲವೆಂದು ನಾವು ಅವರಿಗೆ ಬರೆದುಕೊಟ್ಟಿರುತ್ತೇವೆ. ಕಳೆದ ಖಂಡೇನವಮಿಯ ದಿನ ನಮ್ಮ ಒಬ್ಬ ಹುಡುಗ ಹಾರ ಹಾಕಿದ ಯಂತ್ರದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ವಾಟ್ಸಾಪ್ ಸ್ಟೇಟಸ್ ಇಟ್ಟನು. ಅವನ ಹಿಂದಿನ ಗೋಡೆಗೆ ಅಂಟಿಸಿದ್ದ ಡ್ರಾಯಿಂಗಿನ ನಂಬರು ಮತ್ತು ಅಳತೆಗಳು ಅದರಲ್ಲಿ ಸ್ಪಷ್ಟವಾಗಿ ಓದಲು ಬರುತ್ತಿದ್ದವು. ಇದಾದ ಮೇಲೆ ನೇಮಕಾತಿ ಕರಾರಿಗೆ ಈ ಕೆಳಗಿನ ಷರತ್ತನ್ನು ಸೇರಿಸಬೇಕೆಂದು ಆಡಳಿತ ಮಂಡಳಿ ಕರಡು ಕಳಿಸಿದೆ:

“ನೌಕರನು ಕಂಪನಿಗೆ ಸಂಬಂಧಿಸಿದ ಯಾವುದೇ ವಿಷಯವನ್ನು ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಿಸತಕ್ಕದ್ದಲ್ಲ ಹಾಗೂ ಕಂಪನಿಯ ಗೌಪ್ಯತೆಯನ್ನು ಕಾಪಾಡತಕ್ಕದ್ದು. ಇದಕ್ಕಾಗಿ ನೌಕರನ ಖಾತೆಗಳನ್ನು ಪರಿಶೀಲಿಸುವ ಅಧಿಕಾರ ಕಂಪನಿಗಿದ್ದು, ನೌಕರನ ಗೌಪ್ಯತೆಯನ್ನು ಗೌರವಿಸಲಾಗುವುದು.”

ಕಂಪನಿಯ ಡ್ರಾಯಿಂಗಿಗೂ ನೌಕರನ ಮನೆಮಾತಿಗೂ ಒಂದೇ ಪದವನ್ನು ಬಳಸಿರುವುದು ನನಗೆ ಸರಿಯೆನಿಸುತ್ತಿಲ್ಲ. ಮೊಬೈಲ್ ಆ್ಯಪುಗಳ ‘ಗೌಪ್ಯತಾ ನೀತಿ’ಯನ್ನು ನೋಡಿದವರಿಗೆ ಈ ಪದದ ಅರ್ಥ ಒಂದು, ಮಂತ್ರಿಗಳ ಪ್ರಮಾಣವಚನವನ್ನು ಕೇಳಿದವರಿಗೆ ಇನ್ನೊಂದು. ಎರಡನೆಯದಾಗಿ, ನೂರು ಜನ ನೋಡುವ ಸ್ಟೇಟಸ್ಸನ್ನು ‘ಪ್ರಕಟಿಸುವುದು’ ಎನ್ನಬಹುದೇ? ಆ ಹುಡುಗ “ನಾನು ಏನನ್ನೂ ಪ್ರಕಟಿಸಿಲ್ಲ ಸರ್, ಸ್ಟೇಟಸ್ ಇಟ್ಟಿದ್ದೆ ಅಷ್ಟೇ” ಎಂದದ್ದು ಪ್ರಾಮಾಣಿಕವಾದ ಮಾತಾಗಿತ್ತು. ತಿಳಿದವರು ದಯವಿಟ್ಟು ತಿಳಿಸಬೇಕು.

ವಿಜಯಪುರದ ನಿವೃತ್ತ ಕನ್ನಡ ಅಧ್ಯಾಪಕರು:

‘ಗೋಪ್ಯ’ ಎಂದರೆ ಮುಚ್ಚಿಡತಕ್ಕದ್ದು, ಕಾಯತಕ್ಕದ್ದು. ಅದೇ ಶುದ್ಧರೂಪ, ‘ಗೌಪ್ಯ’ ಬಳಕೆಯಿಂದ ಬೆಳೆದು ಬಂದದ್ದು. ಕಂಪನಿಯ ಕಡೆಗೆ ‘ಗೋಪ್ಯ ಮಾಹಿತಿ’ ಎಂದೂ ನೌಕರನ ಕಡೆಗೆ ‘ಖಾಸಗಿತನ’ ಎಂದೂ ಬರೆದರೆ ನಿಮ್ಮ ಮೊದಲ ತೊಡಕು ಬಿಡಿಸಿಹೋಗುತ್ತದೆ. ‘ಪ್ರಕಟಿಸು’ ಎಂಬುದಕ್ಕೆ ಕಾಣುವಂತೆ ಮಾಡು ಎಂಬ ಅರ್ಥವಿರುವುದರಿಂದ ಸ್ಟೇಟಸ್ ಅದರಲ್ಲಿ ಅಡಗಿದೆ. ‘ಯಾವುದೇ ವಿಷಯ’ ಎಂಬುದನ್ನು ಮಾತ್ರ ತೆಗೆಯಬೇಡಿ. ಅಷ್ಟು ವಿಶಾಲವಾಗಿ ಬರೆದರೆ ಯಾರಿಗೂ ನುಸುಳಲು ಸಂದು ಉಳಿಯುವುದಿಲ್ಲ.

ಬೆಳಗಾವಿಯ ವಕೀಲರು, ಕಾರ್ಮಿಕ ಪ್ರಕರಣಗಳನ್ನು ನಡೆಸುವವರು:

ಗುರುಗಳು ಸೂಚಿಸಿದ ಎರಡು ಪದಗಳನ್ನು ಒಪ್ಪುತ್ತೇನೆ. ಆದರೆ ‘ಯಾವುದೇ ವಿಷಯ’ದ ಬಗ್ಗೆ ಅವರ ಅಭಿಪ್ರಾಯವನ್ನು ಒಪ್ಪಲಾರೆ. ನಮ್ಮ ದೇಶದಲ್ಲಿ ವ್ಯಾಪಾರದ ಗುಟ್ಟುಗಳಿಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. ಕಾನೂನು ಆಯೋಗವು 2024ರ ತನ್ನ 289ನೆಯ ವರದಿಯಲ್ಲಿ ಅಂಥದೊಂದು ಕಾಯ್ದೆಯ ಕರಡನ್ನು ಕೊಟ್ಟಿತು. ಇಂದಿಗೂ ರಕ್ಷಣೆ ನಿಂತಿರುವುದು ಕರಾರಿನ ಮೇಲೆ ಮತ್ತು ನಂಬಿಕೆದ್ರೋಹದ ತತ್ವದ ಮೇಲೆ. ಹಾಗಾಗಿ ನ್ಯಾಯಾಲಯಕ್ಕೆ ಹೋದ ಕಂಪನಿ ಇಂಥದೇ ಮಾಹಿತಿ ಎಂದು ಬೆರಳಿಟ್ಟು ತೋರಿಸಬೇಕು, ಅದು ಹೊರಗೆ ಎಲ್ಲರಿಗೂ ತಿಳಿದದ್ದಲ್ಲವೆಂದು ಹೇಳಬೇಕು, ನಂಬಿ ಕೊಟ್ಟದ್ದೆಂದು ಸಾಬೀತುಪಡಿಸಬೇಕು. ಎಲ್ಲವೂ ಗೋಪ್ಯವೆಂದು ಬರೆದವರಿಗೆ ನಿಜವಾಗಿ ಗೋಪ್ಯವಾದದ್ದು ಯಾವುದೆಂದು ಬೇರ್ಪಡಿಸಿ ತೋರಿಸುವುದು ಅಲ್ಲಿ ಕಷ್ಟವಾಗುತ್ತದೆ. ನಿಮ್ಮ ಪ್ರಸಂಗದಲ್ಲಿ ಎದುರಿನ ವಕೀಲರು ಕೇಳುವ ಮೊದಲ ಪ್ರಶ್ನೆ, ಅಷ್ಟು ಗೋಪ್ಯವಾದ ಡ್ರಾಯಿಂಗನ್ನು ಪೂಜೆಗೆ ಬಂದವರೆಲ್ಲ ನೋಡುವ ಗೋಡೆಗೆ ಅಂಟಿಸಿದವರು ಯಾರು ಎಂಬುದೇ ಆಗಿರುತ್ತದೆ. ಷರತ್ತಿನ ಭಾಷೆ ಎಷ್ಟು ಬಿಗಿಯಾಗಿದ್ದರೂ ಆ ಗೋಡೆ ಅದನ್ನು ಸಡಿಲಗೊಳಿಸುತ್ತದೆ.

ಇನ್ನೊಂದು ತೊಂದರೆಯಿದೆ. ‘ಕಂಪನಿಗೆ ಸಂಬಂಧಿಸಿದ ಯಾವುದೇ ವಿಷಯ’ ಎಂಬುದನ್ನು ಅಕ್ಷರಶಃ ಓದಿದರೆ, ಕಾರ್ಮಿಕನೊಬ್ಬ ತನ್ನ ಸಂಬಳದ ಬಗ್ಗೆ ಬರೆಯುವುದು, ಕುಲುಮೆಯ ಬಳಿ ಆದ ಅಪಘಾತವನ್ನು ಹೇಳಿಕೊಳ್ಳುವುದು, ಸಂಘದ ಸಭೆಯ ಸುದ್ದಿಯನ್ನು ಹಂಚುವುದು ಎಲ್ಲವೂ ತಪ್ಪಾಗುತ್ತವೆ. ಡ್ರಾಯಿಂಗ್ ಕಾಯಲು ಇಷ್ಟೊಂದು ಜನರ ಬಾಯಿ ಮುಚ್ಚಿಸುವ ಅಗತ್ಯ ಖಂಡಿತವಾಗಿ ಇಲ್ಲ, ಮತ್ತು ಅಧಿಕಾರಿಗಳಿಗೆ ದೂರು ಕೊಡದಂತೆ ತಡೆಯುವ ಕರಾರು, ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಕರಾರನ್ನು ಒಪ್ಪದ 1872ರ ಕರಾರು ಕಾಯ್ದೆಯ 23ನೆಯ ಕಲಮಿನ ಮುಂದೆ ನಿಲ್ಲುವುದು ಕಷ್ಟ. ಅದೇ ಕಾಯ್ದೆಯ 27ನೆಯ ಕಲಮನ್ನೂ ನೆನಪಿಡಿ: ಕೆಲಸ ಬಿಟ್ಟವನು ಪಕ್ಕದ ಫೌಂಡ್ರಿಗೆ ಸೇರುವುದನ್ನು ಈ ಷರತ್ತಿನ ನೆಪದಲ್ಲಿ ತಡೆಯಲು ಬರುವುದಿಲ್ಲ. ಡ್ರಾಯಿಂಗ್ ನಿಮ್ಮ ಗ್ರಾಹಕರದು, ಎರಕ ಹೊಯ್ಯುವ ಕೈಗುಣ ಅವನದು.

‘ಪ್ರಕಟಿಸು’, ‘ಬಹಿರಂಗಪಡಿಸು’ ಎರಡನ್ನೂ ನಾನು ಬಿಡುತ್ತೇನೆ. ದರಪಟ್ಟಿಯನ್ನು ಪ್ರತಿಸ್ಪರ್ಧಿಯೊಬ್ಬನಿಗೆ ಗುಟ್ಟಾಗಿ ಕಳಿಸಿದವನು ಏನನ್ನೂ ಬಹಿರಂಗಪಡಿಸಿರುವುದಿಲ್ಲ, ಆದರೂ ಹೆಚ್ಚಿನ ಹಾನಿ ಮಾಡಿರುವವನು ಅವನೇ. “ಹೊರಗಿನವರಿಗೆ ತಿಳಿಸುವುದಾಗಲಿ, ಅವರಿಗೆ ಸಿಗುವಂತೆ ಮಾಡುವುದಾಗಲಿ” ಎಂದರೆ ಸ್ಟೇಟಸ್, ಇಮೇಲ್, ಪೆನ್‌ಡ್ರೈವ್ ಮೂರೂ ಅದರೊಳಗೆ ಬರುತ್ತವೆ, ಜಾಲತಾಣದ ಹೆಸರೆತ್ತುವ ಪ್ರಮೇಯವೇ ಇರುವುದಿಲ್ಲ.

ಖಾತೆಗಳ ಪರಿಶೀಲನೆಯ ವಾಕ್ಯವನ್ನು ಪೂರ್ತಿ ತೆಗೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೆಯ ಕಲಮು ಉದ್ಯೋಗದ ಉದ್ದೇಶಕ್ಕೆ ಮತ್ತು ವ್ಯಾಪಾರದ ಗುಟ್ಟು ಸೋರುವುದನ್ನು ತಡೆಯುವುದಕ್ಕೆ ಮಾಲೀಕರಿಗೆ ಸ್ವಲ್ಪ ಅವಕಾಶ ಕೊಡುತ್ತದೆ. ಅದನ್ನು ನೌಕರನ ಸ್ವಂತ ಫೋನಿನ ಪಾಸ್‌ವರ್ಡ್ ಕೇಳುವ ಹಕ್ಕೆಂದು ನಾನು ಓದುವುದಿಲ್ಲ. ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಹೇಳಿತಾದರೂ, ಖಾಸಗಿ ಮಾಲೀಕರ ವಿರುದ್ಧ ಅದನ್ನು ಎಷ್ಟರ ಮಟ್ಟಿಗೆ ಬಳಸಬಹುದೆಂಬ ಬಗ್ಗೆ ನಮ್ಮ ವಕೀಲರಲ್ಲೇ ಒಮ್ಮತವಿಲ್ಲ.

ಬಾಗಲಕೋಟೆಯಿಂದ ಒಬ್ಬ ಸದಸ್ಯೆ:

ನನ್ನದು ಇದಕ್ಕೆ ಸಂಬಂಧಿಸಿದ ಪ್ರಶ್ನೆಯೇ ಎಂದುಕೊಂಡಿದ್ದೇನೆ. ನಾನು ದುಡಿಯುವ ಸಂಸ್ಥೆಯಲ್ಲಿ ಜಾಹೀರಾತುಗಳನ್ನು ನಮ್ಮ ನಮ್ಮ ಸ್ಟೇಟಸ್‌ಗೆ ಹಾಕಲೇಬೇಕು, ಹಾಕಿದ ಮೇಲೆ ಸ್ಕ್ರೀನ್‌ಶಾಟ್ ಕಳಿಸಬೇಕು. ನನ್ನ ಸ್ಟೇಟಸ್ ನೋಡುವವರು ನನ್ನ ತವರಿನವರು ಮತ್ತು ಮಗಳ ಶಾಲೆಯ ತಾಯಂದಿರು. ಹಾಕಬಾರದು ಎಂಬುದಕ್ಕೆ ಕರಾರಿನಲ್ಲಿ ಪದ ಹುಡುಕುತ್ತಿದ್ದೀರಿ. ಹಾಕಲೇಬೇಕು ಎಂದು ಒತ್ತಾಯಿಸಬಾರದು ಎಂಬುದನ್ನು ಹೇಗೆ ಬರೆಯಬೇಕು?

ಮತ್ತೆ ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಬಾಗಲಕೋಟೆಯ ಸಹೋದರಿಯವರ ಪ್ರಶ್ನೆ ಬೇರೆಯೆಂದು ಮೊದಲು ಅನ್ನಿಸಿತ್ತು. ಆದರೆ ನೌಕರನ ಖಾತೆ ನೌಕರನದೇ ಎಂದಾದರೆ ಎರಡೂ ಕಡೆಗೆ ಅದೇ ಮಾತು ಅನ್ವಯಿಸಬೇಕು. ಅದನ್ನು ಸೇರಿಸಿ ಹೀಗೆ ತಿದ್ದಿದ್ದೇನೆ:

“ಗ್ರಾಹಕರ ಡ್ರಾಯಿಂಗ್, ಪ್ಯಾಟರ್ನ್, ಲೋಹದ ಮಿಶ್ರಣದ ಪ್ರಮಾಣ, ದರಪಟ್ಟಿ ಹಾಗೂ ‘ಗೋಪ್ಯ’ ಎಂದು ಗುರುತು ಹಾಕಿದ ಇತರ ಕಾಗದಪತ್ರಗಳು ಗೋಪ್ಯ ಮಾಹಿತಿಯಾಗಿವೆ. ಇವುಗಳನ್ನು ನೌಕರರು ಕಂಪನಿಯ ಅನುಮತಿಯಿಲ್ಲದೆ ಹೊರಗಿನವರಿಗೆ ಯಾವುದೇ ರೀತಿಯಲ್ಲಿ ತಿಳಿಸುವುದಾಗಲಿ, ಅವರಿಗೆ ಸಿಗುವಂತೆ ಮಾಡುವುದಾಗಲಿ ಕೂಡದು. ಸ್ವಂತ ಸಂಬಳ, ಕೆಲಸದ ಪರಿಸ್ಥಿತಿ, ಸುರಕ್ಷತೆ ಮತ್ತು ಕಾನೂನಿನ ಪ್ರಕಾರ ಕೊಡುವ ದೂರುಗಳು ಇದರಲ್ಲಿ ಸೇರುವುದಿಲ್ಲ. ನೌಕರರ ಸ್ವಂತ ಖಾತೆ ಅವರ ಖಾಸಗಿತನಕ್ಕೆ ಸೇರಿದ್ದು. ಕಂಪನಿಯು ಅದರ ಪಾಸ್‌ವರ್ಡನ್ನಾಗಲಿ, ಫೋನನ್ನಾಗಲಿ ಕೇಳುವುದಿಲ್ಲ, ಅದರಲ್ಲಿ ಏನನ್ನೂ ಹಾಕುವಂತೆ ಒತ್ತಾಯಿಸುವುದಿಲ್ಲ. ಗೋಪ್ಯ ಮಾಹಿತಿ ಹೊರಬಿದ್ದದ್ದು ತಿಳಿದಾಗ ಅಷ್ಟನ್ನು ಮಾತ್ರ ತೆಗೆಯುವಂತೆ ಲಿಖಿತವಾಗಿ ಕೇಳಬಹುದು.”

ಗೋಡೆಯ ಡ್ರಾಯಿಂಗುಗಳನ್ನು ಬೀಗವಿರುವ ಕಪಾಟಿಗೆ ಸ್ಥಳಾಂತರಿಸಿದ್ದೇವೆ. ಮನೆಯಲ್ಲಿ ಮರಾಠಿ ಆಡುವ ನಮ್ಮ ಕಾರ್ಮಿಕರಿಗೆ ‘ಗೋಪನೀಯ’ ಎಂದರೆ ಬೇಗ ತಿಳಿಯುತ್ತದೆ; ಆ ರೂಪ ಕನ್ನಡದಲ್ಲಿಯೂ ಇರುವುದರಿಂದ ಗುರುಗಳು ಒಪ್ಪಿದರೆ ಅದನ್ನೇ ಇಡುತ್ತೇನೆ. ‘ತಿಳಿದಾಗ’ ಎಂಬ ಪದ ಮಾತ್ರ ನನ್ನನ್ನು ಇನ್ನೂ ಕಾಡುತ್ತಿದೆ. ಕುಟುಂಬದವರಿಗಷ್ಟೇ ಕಾಣುವಂತೆ ಇಟ್ಟ ಸ್ಟೇಟಸ್ಸಿನ ಸ್ಕ್ರೀನ್‌ಶಾಟನ್ನು ಯಾರೋ ನನಗೆ ತಂದು ತೋರಿಸಿದರೆ, ಅದು ನನಗೆ ತಿಳಿದದ್ದೋ ಅಥವಾ ನಾನು ಅವನ ಖಾಸಗಿತನದೊಳಗೆ ಇಣುಕಿದ್ದೋ? ವಕೀಲರು ಇದಕ್ಕೆ ಉತ್ತರಿಸಬೇಕೆಂದು ಕೋರುತ್ತೇನೆ.