ಅಂಚುಗಳು ಕೂಡಿದರೂ ಜೋಡಿಸಿ ನೋಡಿದಾಗ ಕಪ್ಪು ಪಟ್ಟೆ ಕಾಣುತ್ತಿದೆ

ಪರ್ಣರೇಖೆ

ನೆಲದ ಮೇಲೆ ಹರಡಿದ ಒಣ ಎಲೆಗಳ ಛಾಯಾಚಿತ್ರದಿಂದ ವಾಲ್‌ಪೇಪರ್ ವಿನ್ಯಾಸ ಮಾಡುತ್ತಿದ್ದೇನೆ. ಗಿಂಪ್‌ನಲ್ಲಿ 1800 × 1800 ಪಿಕ್ಸೆಲ್‌ಗೆ ಕತ್ತರಿಸಿ, Layer > Transform > Offset ಮೂಲಕ ಅಗಲ, ಎತ್ತರ ಎರಡರಲ್ಲೂ ಅರ್ಧದಷ್ಟು ಸರಿಸಿ, ನಡುವೆ ಮೂಡಿದ ಗೆರೆಯನ್ನು Heal ಉಪಕರಣದಿಂದ ಅಳಿಸಿದೆ. ಹತ್ತಿರದಿಂದ ನೋಡಿದರೆ ಎಲ್ಲಿ ಕೂಡಿದೆಯೆಂದು ಗೊತ್ತಾಗುವುದಿಲ್ಲ. ಆದರೆ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಜೋಡಿಸಿ ಚಿಕ್ಕದಾಗಿಸಿದರೆ ಮೇಲಿಂದ ಕೆಳಗೆ ಕಪ್ಪು ಪಟ್ಟೆಗಳು ಎದ್ದು ಕಾಣುತ್ತವೆ. ಒಂದು ಹಳದಿ ಎಲೆಯೂ ಸಾಲಾಗಿ ಕಣ್ಣಿಗೆ ಹೊಡೆಯುತ್ತದೆ.

ಹತ್ತಿನೂಲು

ಕೈಯಿಂದ ಅಳಿಸುವ ಬದಲು Filters > Map > Tile Seamless ಬಳಸಿ, ಅದು ಅಂಚುಗಳನ್ನು ತಾನೇ ಬೆರೆಸುತ್ತದೆ. ಹಳದಿ ಎಲೆಗೆ ಉಪಾಯವೆಂದರೆ, ಪಕ್ಕದ ಸಾಲನ್ನು ಅರ್ಧ ಎತ್ತರ ಕೆಳಗಿಳಿಸಿ ಮುದ್ರಿಸಲು ಹೇಳುವುದು. ಆಗ ಎಲೆಗಳು ನೇರ ಸಾಲಿನಲ್ಲಿ ಬರುವುದಿಲ್ಲ.

ಬಣ್ಣದಮಣೆ

ಆ ಫಿಲ್ಟರ್ ಚಿತ್ರವನ್ನು ಅದರದೇ ಸರಿಸಿದ ಪ್ರತಿಯೊಂದಿಗೆ ಬೆರೆಸುವುದರಿಂದ, ಎಲೆಯಂಥ ಸ್ಪಷ್ಟ ಆಕಾರಗಳು ಒಂದರೊಳಗೊಂದು ಇಣುಕುವ ಛಾಯೆಗಳಾಗುತ್ತವೆ. ಮರಳಿಗೋ ಮೋಡಕ್ಕೋ ಅದು ಸಾಕು, ಇಲ್ಲಿ ಸಾಲದು. ಅರ್ಧ ಇಳಿಸುವುದಕ್ಕೂ ಒಂದು ತೊಡಕಿದೆ: ಬಲ ಅಂಚಿನ ಮೇಲರ್ಧವು ಆಗ ಎಡ ಅಂಚಿನ ಕೆಳಗರ್ಧದೊಂದಿಗೆ ಕೂಡಬೇಕಾಗುತ್ತದೆ, ಆದ್ದರಿಂದ ಈಗ ಸರಿಪಡಿಸಿರುವ ಜೋಡಣೆ ಅಲ್ಲಿ ಒಡೆಯುತ್ತದೆ.

ಪರ್ಣರೇಖೆಯವರೇ, ನಿಮ್ಮ ತೊಂದರೆ ಅಂಚಿನದ್ದಲ್ಲ, ಬೆಳಕಿನದ್ದು. ಮೂಲ ಚಿತ್ರದ ಒಂದು ಬದಿ ಬೆಳಗಿದ್ದು ಇನ್ನೊಂದು ಬದಿ ಮಬ್ಬಾಗಿರಬೇಕು. Heal ಉಪಕರಣ ಗೆರೆಯ ಆಸುಪಾಸಿನ ವ್ಯತ್ಯಾಸವನ್ನಷ್ಟೇ ನಯಗೊಳಿಸುತ್ತದೆ. ಇಡೀ ಚಿತ್ರದ ಏರಿಳಿತ ಹಾಗೆಯೇ ಉಳಿದು, ಪ್ರತಿ ತುಣುಕಿನಲ್ಲೂ ಮರುಕಳಿಸಿ ಪಟ್ಟೆಯಾಗುತ್ತದೆ. ಆದ್ದರಿಂದ ಸರಿಸುವ ಮೊದಲೇ ಬೆಳಕನ್ನು ಸಮಗೊಳಿಸಬೇಕು.

ಮೂಲ ಲೇಯರಿನ ಪ್ರತಿಯೊಂದನ್ನು ಮೇಲಿಟ್ಟು ಅದಕ್ಕೆ Gaussian Blur ಕೊಡಿ. Size X, Size Y ಎರಡೂ 250ರ ಆಸುಪಾಸಿನಲ್ಲಿರಲಿ; ಎಲೆಯೊಂದರ ಆಕಾರವೂ ಗುರುತು ಸಿಗದಂತೆ ಕರಗಿ, ಬೆಳಕಿನ ಹರಹು ಮಾತ್ರ ಉಳಿಯಬೇಕು. Abyss policy ಎಂಬಲ್ಲಿ Clamp ಇರಲಿ, ಇಲ್ಲದಿದ್ದರೆ ಅಂಚುಗಳು ಪಾರದರ್ಶಕವಾಗುತ್ತವೆ. ಈ ಲೇಯರಿನ ಮೋಡ್ ಅನ್ನು Grain extract ಮಾಡಿದರೆ ಮೂಲದಿಂದ ಮಬ್ಬು ಕಳೆದು, ಚಿತ್ರ ಬೂದುಬೂದಾಗಿ ಕಾಣುತ್ತದೆ, ಗಾಬರಿ ಬೇಡ. ಮೂಲ ಚಿತ್ರದ ಇನ್ನೊಂದು ಪ್ರತಿಯನ್ನು ಒಂದೇ ಪಿಕ್ಸೆಲ್‌ಗೆ ಕುಗ್ಗಿಸಿದಾಗ ಸಿಗುವ ಸರಾಸರಿ ಬಣ್ಣವನ್ನು ಹೊಸ ಲೇಯರಿನಲ್ಲಿ ತುಂಬಿ, ಎಲ್ಲಕ್ಕಿಂತ ಮೇಲಿಟ್ಟು, ಅದರ ಮೋಡ್ ಅನ್ನು Grain merge ಮಾಡಿ. ಕಳೆದುಹೋದ ಬಣ್ಣ ಎಲ್ಲೆಡೆ ಸಮನಾಗಿ ಹಿಂತಿರುಗುತ್ತದೆ. ಬಳಿಕ ಲೇಯರುಗಳನ್ನು ಒಂದುಗೂಡಿಸಿ Offset, Heal ಮಾಡಿ.

ಹಳದಿ ಎಲೆಯನ್ನು Clone ಉಪಕರಣದಿಂದ ಪಕ್ಕದ ಕಂದು ಎಲೆಗಳಿಂದ ಮುಚ್ಚಿಬಿಡಿ. ಅದನ್ನು ಉಳಿಸಬೇಕೆನಿಸಿದರೆ, ಅಂಥವೇ ಮೂರು ನಾಲ್ಕು ಎಲೆಗಳನ್ನು ತುಣುಕಿನಲ್ಲಿ ಅಡ್ಡಾದಿಡ್ಡಿಯಾಗಿ ತಿರುಗಿಸಿ ಇಡಬಹುದು.

ಕಸೂತಿಮನೆ

ನನಗೂ ಇದೇ ತೊಂದರೆ. ಬಟ್ಟೆಯ ಮೇಲೆ ಮುದ್ರಿಸಿದ ನನ್ನ ಚಿತ್ರದಲ್ಲಿ ಪ್ರತಿ ತುಣುಕಿನ ಅಂಚಿನಲ್ಲೂ ಕೂದಲೆಳೆಯಷ್ಟು ಬಿಳಿ ಗೆರೆ ಬಂದಿದೆ. ತುಣುಕಿನ ಅಳತೆ 30 ಸೆಂ.ಮೀ., ಇಂಚಿಗೆ 150 ಪಿಕ್ಸೆಲ್. ನಾನೂ ಬೆಳಕನ್ನೇ ಸರಿಪಡಿಸಬೇಕೇ?

ಬಣ್ಣದಮಣೆ

ಇಲ್ಲ, ನಿಮ್ಮದು ಬೇರೆ ಸಮಸ್ಯೆ. 30 ಸೆಂ.ಮೀ. ಎಂದರೆ ಆ ಲೆಕ್ಕದಲ್ಲಿ 1771.65 ಪಿಕ್ಸೆಲ್ ಆಗುತ್ತದೆ. ಪಿಕ್ಸೆಲ್‌ನ ತುಣುಕು ಎಂಬುದು ಇಲ್ಲವಾದ್ದರಿಂದ, ತುಣುಕನ್ನು ಸೆಂ.ಮೀ. ಲೆಕ್ಕದಲ್ಲಿ ಜೋಡಿಸುವಾಗ ಅಂಚಿನ ಸಾಲು ಹಿನ್ನೆಲೆಯೊಂದಿಗೆ ಬೆರೆತು ಬಿಳಿಯಾಗಿರುವ ಸಾಧ್ಯತೆ ಹೆಚ್ಚು. 1800 ಪಿಕ್ಸೆಲ್ ಇಟ್ಟುಕೊಂಡರೆ ಸರಿಯಾಗಿ 12 ಇಂಚು, ಅಂದರೆ 30.48 ಸೆಂ.ಮೀ. ಬರುತ್ತದೆ. ಚಿತ್ರವನ್ನು ಓರೆ ತಿರುಗಿಸಿದ್ದರೆ ಅಂಚಿನಲ್ಲಿ ಅರೆಪಾರದರ್ಶಕ ಪಿಕ್ಸೆಲ್‌ಗಳು ಉಳಿದಿವೆಯೇ ಎಂಬುದನ್ನೂ ನೋಡಿ.

ಪರ್ಣರೇಖೆ

ಪಟ್ಟೆಗಳು ಹೋದವು, ಧನ್ಯವಾದಗಳು. ಹಳದಿ ಎಲೆಯನ್ನು ಮುಚ್ಚಿದೆ. ಆದರೆ ಎಲೆಗಳ ರಾಶಿಯ ನಡುವೆ ಇದ್ದ ಅಗಲವಾದ ಗಾಢ ನೆರಳು ಈಗ ಪೇಲವವಾಗಿದೆ, ಚಿತ್ರದ ಆಳವೇ ಹೋದಂತಿದೆ.

ಬಣ್ಣದಮಣೆ

ಮಬ್ಬು ಮಾಡಿದಾಗ ಅಷ್ಟು ದೊಡ್ಡ ನೆರಳೂ ಬೆಳಕಿನ ಏರಿಳಿತವೆಂದೇ ಲೆಕ್ಕಕ್ಕೆ ಬಂದು ಕಳೆದುಹೋಗುತ್ತದೆ. Size ಅನ್ನು 400ಕ್ಕೆ ಏರಿಸಿ ನೋಡಿ.

ಪರ್ಣರೇಖೆ

400ರಲ್ಲಿ ನೆರಳು ಬಹುಪಾಲು ಉಳಿಯಿತು, ಜೊತೆಗೆ ಪಟ್ಟೆಯೂ ತೆಳುವಾಗಿ ಮರಳಿತು. 250 ಮತ್ತು 400ರ ನಡುವೆ ಎಲ್ಲಿ ನಿಲ್ಲಿಸಿದರೂ ಒಂದನ್ನು ಬಿಡಬೇಕಾಗುತ್ತಿದೆ.

ಹತ್ತಿನೂಲು

ಆ ನೆರಳಿರುವ ಜಾಗಕ್ಕಷ್ಟೇ ಮಬ್ಬು ಲೇಯರಿನಲ್ಲಿ ಲೇಯರ್ ಮಾಸ್ಕ್ ಹಾಕಿ ಮರೆಮಾಡಬಹುದಲ್ಲವೇ?

ಬಣ್ಣದಮಣೆ

ಮರೆಮಾಡಿದ ಜಾಗದಲ್ಲಿ ಕಳೆಯುವುದು ನಿಂತರೂ ಸರಾಸರಿ ಬಣ್ಣ ಕೂಡುತ್ತಲೇ ಇರುತ್ತದೆ, ಬಣ್ಣ ಅಲ್ಲಿ ಕೆಡುತ್ತದೆ. ಅದೇ ಮಾಸ್ಕನ್ನು ಎರಡೂ ಲೇಯರುಗಳಿಗೆ ಹಾಕಬೇಕು, ಅಂಚು ಅಗಲವಾಗಿ ಕರಗಿರಬೇಕು. ಆದರೂ ಒಂದು ದೊಡ್ಡ ನೆರಳನ್ನು ಉಳಿಸಿಕೊಂಡರೆ, ಹಳದಿ ಎಲೆಯಂತೆ ಅದೂ ಸಾಲಾಗಿ ಕಂಡೀತು ಎಂಬ ಅನುಮಾನ ನನಗಿದೆ. ಜೋಡಿಸಿದ ಚಿತ್ರವನ್ನು ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.